ಕಾಗದ ಎಲ್ಲಿ ಎಂದು ಕೇಳಿದ ದಾದಾ

ಖಿದಿರ್‌ಪುರದ ಡಾಕಿಗೆ ಹಡಗು ನೇರವಾಗಿ ಬಂದು ನಿಲ್ಲುವುದಿಲ್ಲ. ಹೂಗ್ಲಿಯ ಉಬ್ಬರ ನೋಡಿಕೊಂಡು, ಲಾಕ್ ಗೇಟಿನೊಳಗೆ ಸೇರಿ, ನೀರಿನ ಮಟ್ಟ ಸಮನಾದ ಮೇಲೆ ಒಳಗಿನ ಕೊಳಕ್ಕೆ ಬರುತ್ತದೆ. 1892ರಲ್ಲಿ ಶುರುವಾದ ಡಾಕು ಇದು. ಅಂಡಮಾನಿಗೆ ಹೋಗುವ ಪ್ರಯಾಣಿಕರ ಹಡಗುಗಳು ಹೊರಡುವುದೂ ಇಲ್ಲಿಂದಲೇ. ಕುಮಟಾದ ಹುಡುಗನಾದ ನಾನು ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಕೆಲಸ ಕಾರ್ಗೋ ಸರ್ವೇಯರ್‌ನದು. ಹಡಗಿನಿಂದ ಇಳಿಯುವ ಸರಕು ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂದು ನೋಡಿ ಬರೆದುಕೊಡುವುದು. ಊರಲ್ಲಿ ಯಾರಾದರೂ ಕೇಳಿದರೆ ‘ಮೂಟೆ ಎಣಿಸುವ ಕೆಲಸ’ ಎಂದು ಹೇಳಿ ಮುಗಿಸುತ್ತೇನೆ.

ಎಣಿಸುವುದಕ್ಕಿಂತ ದೊಡ್ಡ ಕೆಲಸ ಬರೆಯುವುದು. ಬೇಳೆಯ ಮೂಟೆಗಳು ನೆನೆದು ಬಂದಿದ್ದರೆ ಅಲ್ಲೇ, ಆಗಲೇ, ಹಡಗಿನ ಕ್ಯಾಪ್ಟನ್ ಹೆಸರಿಗೆ ಒಂದು ಕಾಗದ ಬರೆಯಬೇಕು. ನಮ್ಮಲ್ಲಿ ಅದಕ್ಕೆ ‘ಲೆಟರ್ ಆಫ್ ಪ್ರೊಟೆಸ್ಟ್’ ಎನ್ನುತ್ತಾರೆ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಹೋಲ್ಡಿನಲ್ಲಿ ಇಷ್ಟು ಮೂಟೆ ನೆನೆದದ್ದು ಕಂಡಿತು, ಇದಕ್ಕೆ ನಿಮ್ಮನ್ನು ಹೊಣೆಗಾರರನ್ನಾಗಿ ಇಟ್ಟುಕೊಂಡಿದ್ದೇವೆ, ಅಷ್ಟೆ. ಹಡಗಿನ ಚೀಫ್ ಆಫೀಸರ್ ಅದಕ್ಕೆ ಸಹಿ ಹಾಕುತ್ತಾನೆ. ಸಹಿಯ ಪಕ್ಕ ‘ಸ್ವೀಕರಿಸಿದ್ದಕ್ಕೆ ಮಾತ್ರ’ ಎಂದು ಬರೆಯದೆ ಪೆನ್ನು ಕೆಳಗಿಡುವುದಿಲ್ಲ. ತಪ್ಪು ಒಪ್ಪಿಕೊಂಡಿಲ್ಲ, ಕಾಗದ ಕೈಗೆ ಬಂದದ್ದು ಮಾತ್ರ ನಿಜ ಎಂದು ಅದರರ್ಥ. ನಮಗೂ ಅಷ್ಟೇ ಸಾಕು. ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ನಿಯಮದಲ್ಲಿ ಹೊರಗೆ ಕಾಣದ ಹಾನಿಯಾದರೆ ಸರಕು ಕೈಗೆ ಬಂದ ಮೂರು ದಿನದೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಸರಕು ಸರಿಯಾಗಿಯೇ ತಲುಪಿತು ಎಂಬ ಊಹೆಯಿಂದ ಕೋರ್ಟು ಶುರುಮಾಡುತ್ತದೆ. ಕೇಸು ಹಾಕಲು ಇರುವುದು ಒಂದು ವರ್ಷ.

ದಿನವಿಡೀ ಬೇರೆಯವರ ಸರಕಿಗೆ ಹೀಗೆ ಕಾಗದ ಬರೆಯುವ ನಾನು, ನನ್ನಪ್ಪನ ಆಸ್ಪತ್ರೆಯ ಬಿಲ್ಲಿನ ವಿಷಯಕ್ಕೆ ಬಂದಾಗ ನಾಲ್ಕು ತಿಂಗಳು ಬರೀ ಫೋನಿನಲ್ಲಿ ಮಾತಾಡಿದೆ. ಈ ಬರಹ ಅದರ ಬಗ್ಗೆ. ಊರಲ್ಲಿ ತಂದೆ ತಾಯಿಯನ್ನು ಬಿಟ್ಟು ಬಂದು, ಪಾಲಿಸಿಯನ್ನು ಇಲ್ಲಿ ಮಾಡಿಸಿರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗವಾದೀತು.

2020ರ ಜೂನ್‌ನಲ್ಲಿ ಅಪ್ಪ, ಅಮ್ಮ ಇಬ್ಬರಿಗೂ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆಯನ್ನು ಕೋಲ್ಕತಾದ ಒಂದು ಶಾಖೆಯಲ್ಲಿ ಮಾಡಿಸಿದೆ. ಕಂಪನಿಯ ಹೆಸರು ಇಲ್ಲಿ ಬೇಡ, ಯಾವ ಕಂಪನಿಯಾದರೂ ಕಥೆ ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು. 2023ರ ಆಗಸ್ಟ್ 11ರ ಬೆಳಗಿನ ಜಾವ ಅಪ್ಪನಿಗೆ ಎದೆನೋವು ಬಂತು. ಕುಮಟಾದಿಂದ ಹುಬ್ಬಳ್ಳಿಗೆ ಕರೆದೊಯ್ದು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಸ್ಟೆಂಟ್ ಹಾಕಿದರು. ನಾನು ವಿಮಾನ ಹಿಡಿದು ತಲುಪುವ ಹೊತ್ತಿಗೆ ಅಪ್ಪ ಐಸಿಯುನಲ್ಲಿ ಎಚ್ಚರವಾಗಿ ಮಲಗಿ, ‘ಹಡಗು ಬಿಟ್ಟು ಬಂದ್ಯಾ?’ ಎಂದು ಕೇಳಿದರು. ನಗದುರಹಿತ ಸೌಲಭ್ಯಕ್ಕೆ ಒಪ್ಪಿಗೆ ಸಿಗಲಿಲ್ಲ. ‘ಬಿಲ್ ಕಟ್ಟಿ, ಆಮೇಲೆ ಕ್ಲೇಮ್ ಹಾಕಿ’ ಎಂದರು. 3,12,480 ರೂಪಾಯಿ ಕಟ್ಟಿದೆ. ತಂಗಿಯ ಮದುವೆಗೆಂದು ಇಟ್ಟಿದ್ದ ಠೇವಣಿ ಮುರಿದು ಕೊಟ್ಟ ಹಣ ಅದು.

ಆಗಸ್ಟ್ 28ಕ್ಕೆ ಕೋಲ್ಕತಾದ ಶಾಖೆಯಲ್ಲಿ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ವರದಿ ಎಲ್ಲದರ ಮೂಲ ಪ್ರತಿಯನ್ನು ಒಂದು ಲಕೋಟೆಯಲ್ಲಿ ಕೊಟ್ಟೆ. ಜೆರಾಕ್ಸ್ ಮಾಡಿಸಿಕೊಂಡಿದ್ದೆ, ಪುಣ್ಯ. ಅದೃಷ್ಟಕ್ಕೆ ಕೌಂಟರಿನ ಹುಡುಗಿ ಕ್ಲೇಮ್ ಫಾರಂನ ಮೊದಲ ಪುಟದ ಜೆರಾಕ್ಸಿಗೆ ದಿನಾಂಕದ ಸೀಲು ಹೊಡೆದುಕೊಟ್ಟಳು. ನಾನು ಕೇಳಿರಲಿಲ್ಲ. ಒಳಗೆ ಏನೇನು ಕೊಟ್ಟೆ ಎಂಬ ಪಟ್ಟಿಗೆ ಮಾತ್ರ ಯಾರ ಸಹಿಯೂ ಇಲ್ಲ. ಅದನ್ನು ನಾನು ಬರೆದೇ ಇರಲಿಲ್ಲ.

ಆಮೇಲೆ ಶುರುವಾಯಿತು ಫೋನು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕನಿಷ್ಠ ಇಪ್ಪತ್ತು ಸಲ ಮಾತಾಡಿದ್ದೇನೆ. ಪ್ರತಿ ಸಲ ಬೇರೆ ದನಿ, ಪ್ರತಿ ಸಲ ‘ಪ್ರೊಸೆಸ್‌ನಲ್ಲಿದೆ ಸರ್’. ಒಬ್ಬರು ‘ಡಾಕ್ಟರ್ ಸರ್ಟಿಫಿಕೇಟ್ ಬೇಕಿಲ್ಲ’ ಎಂದರು, ಇನ್ನೊಬ್ಬರು ‘ಬೇಕಿತ್ತು, ನೀವು ಕೊಟ್ಟಿಲ್ಲ’ ಎಂದರು. ಯಾರು, ಯಾವ ದಿನ, ಏನೂ ಬರೆದುಕೊಂಡಿಲ್ಲ. ನಡುವೆ ಒಂದು ಇಮೇಲ್ ಬಂತು: ನಿಮ್ಮ ತಂದೆಯವರ ಮಧುಮೇಹದ ಬಗ್ಗೆ ವಿವರ ಕೊಡಿ. ಆ ದಿನ ಡಾಕಿನಲ್ಲಿ ಎರಡು ಪಾಳಿ ಮುಗಿಸಿ ಬಂದಿದ್ದೆ. ಸಿಟ್ಟಿನಲ್ಲಿ ಮೊಬೈಲಿನಲ್ಲೇ ಉತ್ತರ ಟೈಪು ಮಾಡಿದೆ: ‘ತಂದೆಗೆ ಶುಗರ್ ಮೊದಲಿನಿಂದ ಇದೆ, ಅದಕ್ಕೂ ಹೃದಯಕ್ಕೂ ಏನು ಸಂಬಂಧ? ಸುಮ್ಮನೆ ಸತಾಯಿಸಬೇಡಿ.’

ಈ ಸಾಲನ್ನು ನೆನಪಿಡಿ, ಮುಂದೆ ಬರುತ್ತದೆ.

ಡಿಸೆಂಬರ್ 14ಕ್ಕೆ ನಿರಾಕರಣೆಯ ಪತ್ರ ಬಂತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘10 ವರ್ಷದಿಂದ ಮಧುಮೇಹ’ ಎಂದಿದೆ, ಪಾಲಿಸಿ ಮಾಡಿಸುವಾಗ ಇದನ್ನು ತಿಳಿಸಿಲ್ಲ, ಆದ್ದರಿಂದ ಕ್ಲೇಮ್ ಒಪ್ಪಲಾಗದು. ನನಗೆ ತಲೆ ತಿರುಗಿತು. ಅಪ್ಪನಿಗೆ ಶುಗರ್ ಇದೆ ಎಂದು ಗೊತ್ತಾದದ್ದು 2022ರ ಜುಲೈನಲ್ಲಿ, ಪಾಲಿಸಿ ಮಾಡಿಸಿ ಎರಡು ವರ್ಷವಾದ ಮೇಲೆ. ಸಮ್ಮರಿ ತೆಗೆದು ನೋಡಿದರೆ ನಿಜವಾಗಿ ಹಾಗೇ ಟೈಪಾಗಿತ್ತು. ನಾಲ್ಕು ತಿಂಗಳು ಆ ಕಾಗದ ನನ್ನ ಬೀರುವಿನಲ್ಲಿತ್ತು, ನಾನು ಬಿಲ್ಲಿನ ಮೊತ್ತ ಬಿಟ್ಟು ಬೇರೇನನ್ನೂ ಓದಿರಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ನಮ್ಮ ಹಿರಿಯ ಸರ್ವೇಯರ್ ದಾದಾನ ಮುಂದೆ ಎಲ್ಲ ಹೇಳಿಕೊಂಡೆ. ನಲವತ್ತು ವರ್ಷ ಇದೇ ಡಾಕಿನಲ್ಲಿ ಸವೆದ ಮನುಷ್ಯ. ಚಹಾದ ಮಣ್ಣಿನ ಕುಡಿಕೆ ಕೆಳಗಿಟ್ಟು ಒಂದೇ ಮಾತು ಕೇಳಿದರು: ‘ಕಾಗೊಜ್ ಕೊಥಾಯ್?’ ಕಾಗದ ಎಲ್ಲಿ? ‘ಫೋನಿನಲ್ಲಿ ಹೇಳಿದ್ದೆ ದಾದಾ’ ಎಂದೆ. ‘ಹಡಗಿನ ಕ್ಯಾಪ್ಟನ್‌ಗೆ ನೀನು ಫೋನಿನಲ್ಲಿ ಹೇಳಿ ಬರ್ತೀಯಾ?’ ಎಂದರು. ಉತ್ತರವಿರಲಿಲ್ಲ.

ಅಂದಿನಿಂದ ಒಂದು ಫೈಲು ಶುರುವಾಯಿತು. ಮೊದಲ ಹಾಳೆಯಲ್ಲಿ ಬರೀ ದಿನಾಂಕಗಳು. ಎಡಕ್ಕೆ ತಾರೀಖು, ಬಲಕ್ಕೆ ಏನಾಯಿತು, ಅದರ ಕಾಗದ ಫೈಲಿನ ಎಷ್ಟನೇ ಪುಟದಲ್ಲಿದೆ. ಕಾಗದವಿಲ್ಲದ ಘಟನೆಗಳ ಮುಂದೆ ಖಾಲಿ ಬಿಟ್ಟೆ. ನನ್ನ ನಾಲ್ಕು ತಿಂಗಳ ಫೋನು ಪೂರ್ತಿ ಖಾಲಿ ಜಾಗ. ಇದನ್ನು ನೋಡಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: ಫೋನು ಮಾಡಲೇಬೇಕಾದರೆ ಮಾಡುವುದು, ಇಟ್ಟ ತಕ್ಷಣ ಅದೇ ದಿನ ಒಂದು ಇಮೇಲ್ ಕಳಿಸುವುದು. ‘ಇಂದು ಬೆಳಿಗ್ಗೆ 11.40ಕ್ಕೆ ನಿಮ್ಮ ಪ್ರತಿನಿಧಿಯೊಂದಿಗೆ ಮಾತಾಡಿದೆ, ಇಂಥ ದೂರು ಸಂಖ್ಯೆ ಕೊಟ್ಟರು, ಇಂಥ ಮಾತು ಹೇಳಿದರು. ಇದರಲ್ಲಿ ತಪ್ಪಿದ್ದರೆ ತಿಳಿಸಿ.’ ಅವರು ಉತ್ತರಿಸದಿದ್ದರೂ ಪರವಾಗಿಲ್ಲ. ಆ ದಿನವೇ ಬರೆದ ಕಾಗದಕ್ಕೆ ಇರುವ ತೂಕ, ವರ್ಷದ ಮೇಲೆ ನೆನಪಿನಿಂದ ಹೇಳುವ ಮಾತಿಗೆ ಇರುವುದಿಲ್ಲ.

ಮೊದಲ ಪತ್ರವನ್ನು ಡಿಸೆಂಬರ್ 22ಕ್ಕೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಮೊದಲ ಕರಡು ನಾಲ್ಕು ಪುಟವಿತ್ತು, ಅದರಲ್ಲಿ ಎರಡು ಪುಟ ಬೈಗುಳ. ದಾದಾ ಕೆಂಪು ಪೆನ್ನಿನಲ್ಲಿ ಹೊಡೆದು ಒಂದು ಪುಟಕ್ಕೆ ಇಳಿಸಿದರು. ಉಳಿದದ್ದು ಇಷ್ಟು: ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ಅವರ ಪತ್ರದ ದಿನಾಂಕ. ಆಮೇಲೆ ಮೂರು ಪ್ರಶ್ನೆ. ಯಾವ ದಾಖಲೆಯ ಆಧಾರದ ಮೇಲೆ 10 ವರ್ಷ ಎನ್ನುತ್ತೀರಿ, ಅದರ ಪ್ರತಿ ಕೊಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದಿರಿ, ಅದರ ಸಂಖ್ಯೆ ಹೇಳಿ. ಇದಲ್ಲದೆ ನಿರಾಕರಣೆಗೆ ಬೇರೆ ಕಾರಣವೇನಾದರೂ ಇದೆಯೇ, ಇದ್ದರೆ ಈಗಲೇ ತಿಳಿಸಿ.

ಮೂರನೆಯ ಪ್ರಶ್ನೆ ದಾದಾ ಸೇರಿಸಿದ್ದು. ‘ಇದು ಯಾಕೆ, ಇಲ್ಲದ ಕಾರಣವನ್ನು ನಾವೇ ಕೇಳಿ ಹುಟ್ಟಿಸಿದ ಹಾಗಾಗುತ್ತದಲ್ಲ?’ ಎಂದೆ. ‘ಬರಿ, ಆಮೇಲೆ ಗೊತ್ತಾಗುತ್ತೆ’ ಎಂದರು.

ಪತ್ರ ತೆಗೆದುಕೊಂಡು ಶಾಖೆಗೆ ಹೋದರೆ, ಈ ಸಲ ಕೌಂಟರಿನಲ್ಲಿ ಬೇರೆಯವರು. ‘ನಾವು ಸೀಲು ಹಾಕುವುದಿಲ್ಲ, ಆನ್‌ಲೈನಿನಲ್ಲಿ ಹಾಕಿ’ ಎಂದರು. ಜಗಳ ಬೇಡ ಎಂದು ವಾಪಸು ಬಂದು ಖಿದಿರ್‌ಪುರದ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿದೆ, ಅದರ ಸ್ಕ್ಯಾನ್ ಪ್ರತಿಯನ್ನು ಇಮೇಲಿನಲ್ಲೂ ಕಳಿಸಿದೆ. ಸಾಮಾನ್ಯ ವಿಧಿಗಳ ಕಾಯ್ದೆ, ಅಂದರೆ ಜನರಲ್ ಕ್ಲಾಸಸ್ ಆಕ್ಟ್, 1897ರದ್ದು. ಅದರ 27ನೇ ಸೆಕ್ಷನ್ ಪ್ರಕಾರ, ಕಾಯ್ದೆಯೊಂದು ಅಂಚೆಯಲ್ಲಿ ಕಳಿಸಬೇಕೆಂದ ಕಾಗದವನ್ನು ಸರಿಯಾದ ವಿಳಾಸ ಬರೆದು, ಅಂಚೆ ಶುಲ್ಕ ಕಟ್ಟಿ, ನೋಂದಾಯಿಸಿ ಕಳಿಸಿದರೆ, ಅದು ತಲುಪಿತೆಂದೇ ಕಾನೂನು ಊಹಿಸುತ್ತದೆ. ತಲುಪಿಲ್ಲ ಎಂದು ತೋರಿಸುವ ಹೊಣೆ ಎದುರಿನವರ ಮೇಲೆ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾ ಬರೆದು ಲಕೋಟೆ ಹಿಂದಿರುಗಿ ಬಂದರೂ ತಲುಪಿದಂತೆಯೇ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ಹಾಗೆ ಬಂದ ಲಕೋಟೆಯನ್ನು ಒಡೆಯಬೇಡಿ, ಒಡೆಯದ ಲಕೋಟೆಯೇ ಸಾಕ್ಷಿ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಈಗ ಕೌಂಟರಿನಲ್ಲಿ ನೋಂದಣಿಯನ್ನು ಕೇಳಿ ಸೇರಿಸಿಕೊಳ್ಳಬೇಕು. ಪತ್ರ ತಲುಪಿದ ದಿನದ ಟ್ರ್ಯಾಕಿಂಗ್ ಪುಟವನ್ನು ಆಗಲೇ ಪ್ರಿಂಟ್ ತೆಗೆಯುವುದು ಒಳ್ಳೆಯದು. ಅಂಚೆಯ ರಸೀದಿಯೂ ಬೇಗ ಮಾಸಿಹೋಗುತ್ತದೆ, ಅದರ ಜೆರಾಕ್ಸ್ ಇಡಬೇಕು. ನನ್ನ ಹಳೆಯ ಒಂದು ರಸೀದಿ ಈಗ ಪೂರ್ತಿ ಬಿಳಿ ಚೂರು.

ಇತ್ತ ಹುಬ್ಬಳ್ಳಿಯ ಆಸ್ಪತ್ರೆಗೆ ಇನ್ನೊಂದು ಪತ್ರ. ಅಲ್ಲಿಗೆ ನನ್ನ ಭಾವ ಹೋದ. ಬಾಯಲ್ಲಿ ಕೇಳಿದರೆ ‘ರೆಕಾರ್ಡ್ ರೂಮಿನವರು ರಜೆ’ ಎಂದರಂತೆ. ಬರಹದಲ್ಲಿ ಕೊಟ್ಟು ನಕಲಿಗೆ ಸಹಿ ಹಾಕಿಸಿಕೊಂಡ ಮೇಲೆ ಮೂರನೇ ದಿನ ಕೊಟ್ಟರು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿ ಇದಕ್ಕೆ ಜಾಗವಿದೆ: ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ ಎಂಬುದು ಬಿಡುಗಡೆಯ ದಿನ ಅವಸರದಲ್ಲಿ ಟೈಪು ಮಾಡುವ ಎರಡು ಪುಟ. ಅದರ ಹಿಂದೆ ಒಳರೋಗಿಯ ಕೇಸ್ ಶೀಟು ಎಂಬ ದಪ್ಪ ಕಟ್ಟಿದೆ. ಅದರ ಮೊದಲ ಹಾಳೆಯಲ್ಲಿ, ಆ ಬೆಳಗಿನ ಜಾವ ಡ್ಯೂಟಿ ಡಾಕ್ಟರ್ ಕೈಯಲ್ಲಿ ಬರೆದ ಟಿಪ್ಪಣಿಯಲ್ಲಿ ಹೀಗಿತ್ತು: ಮಧುಮೇಹ, 1 ವರ್ಷ. ಟೈಪು ಮಾಡುವಾಗ ಒಂದು ಸೊನ್ನೆ ಸೇರಿಕೊಂಡಿತ್ತು. ಆ ಸೊನ್ನೆಯ ಬೆಲೆ ಮೂರು ಲಕ್ಷ. ಚಿಕಿತ್ಸೆ ಕೊಟ್ಟ ಹೃದ್ರೋಗ ತಜ್ಞರು ಕೇಸ್ ಶೀಟು ನೋಡಿ, ಸಮ್ಮರಿಯಲ್ಲಿ ಆದದ್ದು ಬೆರಳಚ್ಚಿನ ತಪ್ಪು ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟರು. ಸಮ್ಮರಿಯನ್ನೇ ತಿದ್ದಿ ಹೊಸದು ಕೊಡುತ್ತೇವೆ ಎಂದು ರೆಕಾರ್ಡ್ ರೂಮಿನವರು ಹೇಳಿದ್ದರು, ಭಾವ ಬೇಡವೆಂದ. ಕ್ಲೇಮ್ ತಿರಸ್ಕಾರವಾದ ಮೇಲೆ ತಿದ್ದಿದ ಸಮ್ಮರಿ ಬಂದರೆ ಎಂಥವರಿಗೂ ಅನುಮಾನ ಬರುತ್ತದೆ. ತಪ್ಪು ಇದ್ದಲ್ಲೇ ಇರಲಿ, ಅದು ತಪ್ಪು ಎನ್ನುವ ಕಾಗದ ಪಕ್ಕದಲ್ಲಿರಲಿ. ಆತ ಕುಮಟಾದಲ್ಲಿ ಕಿರಾಣಿ ಅಂಗಡಿ ಇಟ್ಟವನು, ಕಾನೂನು ಓದಿದವನಲ್ಲ.

ಕಂಪನಿಯ ಉತ್ತರ 2024ರ ಜನವರಿ 24ಕ್ಕೆ ಬಂತು. ಮೊದಲ ನಿರ್ಧಾರಕ್ಕೇ ಬದ್ಧ, ಕಾರಣ ಅದೇ, ಬಚ್ಚಿಟ್ಟ ಮಧುಮೇಹ. ಜೊತೆಗೆ ನನ್ನ ಇಮೇಲಿನ ಒಂದು ತುಣುಕು: ‘ನೀವೇ ಶುಗರ್ ಮೊದಲಿನಿಂದ ಇದೆ ಎಂದು ಒಪ್ಪಿಕೊಂಡಿದ್ದೀರಿ.’

ಮೊದಲೇ ಹೇಳಿದೆನಲ್ಲ, ಆ ಸಾಲು. ‘ಮೊದಲಿನಿಂದ’ ಎಂದರೆ ನನ್ನ ಮನಸ್ಸಿನಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನಿಂದ. ಅವರು ಓದಿದ್ದು ಪಾಲಿಸಿಗೆ ಮೊದಲಿನಿಂದ. ದೂರಿನ ಕಾಗದ ನಮ್ಮ ಪರವಾಗಿ ಮಾತ್ರ ಸಾಕ್ಷಿ ಹೇಳುತ್ತದೆ ಎಂದುಕೊಂಡರೆ ತಪ್ಪು. ನಾವು ಬರೆದದ್ದರಲ್ಲಿ ನಮಗೆ ವಿರುದ್ಧವಾದ ಮಾತಿದ್ದರೆ ಅದು ಒಪ್ಪಿಗೆಯಾಗಿ ಎದುರಿನವರ ಕೈಗೆ ಹೋಗುತ್ತದೆ. ಚೀಫ್ ಆಫೀಸರ್ ‘ಸ್ವೀಕರಿಸಿದ್ದಕ್ಕೆ ಮಾತ್ರ’ ಎಂದು ಬರೆಯದೆ ಪೆನ್ನು ಇಡದಿರುವುದು ಇದಕ್ಕೇ. ದಿನಾ ನೋಡಿದ್ದನ್ನೇ ನಾನು ಮರೆತಿದ್ದೆ. ಅಳಿಸುವಂತಿಲ್ಲ, ಅಳಿಸಿದರೂ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಮಾಡಬಹುದಾದದ್ದು ಒಂದೇ: ಅದೇ ವಾರ ಇನ್ನೊಂದು ಪತ್ರ ಬರೆದು, ಆ ಮಾತಿನ ಅರ್ಥ ಇದು, ಮಧುಮೇಹ ಗೊತ್ತಾದದ್ದು 2022ರ ಜುಲೈನಲ್ಲಿ, ಅದರ ಲ್ಯಾಬ್ ವರದಿ ಲಗತ್ತಿಸಿದೆ ಎಂದು ದಾಖಲಿಸುವುದು. ಹಾಗೇ ಮಾಡಿದೆ. ಆದರೆ ಬರೀ ವಿವರಣೆಯಿಂದ ಆಗದು, ಪಾಲಿಸಿಗಿಂತ ಹಿಂದಿನ ಕಾಗದ ಬೇಕಿತ್ತು.

ಆ ಕಾಗದ ಸಿಕ್ಕಿದ್ದು ಕುಮಟಾದ ಮನೆಯ ಬಟ್ಟೆಚೀಲದಲ್ಲಿ. ಅಪ್ಪ ಕರೆಂಟ್ ಬಿಲ್ಲು, ಸೊಸೈಟಿ ರಸೀದಿ, ಡಾಕ್ಟರ ಚೀಟಿ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಮೊಳೆಗೆ ನೇತುಹಾಕುವವರು. ಅಮ್ಮನಿಗೆ ಆ ಚೀಲ ಕಂಡರಾಗದು, ಎರಡು ಸಲ ಒಲೆಗೆ ಹಾಕಲು ಹೋಗಿದ್ದಳು. ಅದರೊಳಗೆ 2020ರ ಫೆಬ್ರವರಿಯ ರಕ್ತ ಪರೀಕ್ಷೆ ಇತ್ತು, ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚೆ ಮಾಡಿಸಿದ್ದು. ಬರಿಹೊಟ್ಟೆಯ ಸಕ್ಕರೆ 96. ಹತ್ತು ವರ್ಷದ ಮಧುಮೇಹಿಗೆ, ಅದೂ ಒಂದೂ ಮಾತ್ರೆ ಬರೆದುಕೊಟ್ಟ ಚೀಟಿಯಿಲ್ಲದೆ, ಆ ಅಂಕಿ ಬರುವುದು ಕಷ್ಟ.

ಈಗ ಎಲ್ಲಿಗೆ ಹೋಗುವುದು? ನಮ್ಮಂಥವರಿಗೆ ಹತ್ತಿರದ ಬಾಗಿಲು ವಿಮಾ ಒಂಬುಡ್ಸ್‌ಮನ್. 2017ರ ವಿಮಾ ಒಂಬುಡ್ಸ್‌ಮನ್ ನಿಯಮಗಳ ಪ್ರಕಾರ ಶುಲ್ಕವಿಲ್ಲ, ವಕೀಲರನ್ನಿಟ್ಟುಕೊಳ್ಳುವಂತಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದ ನೋಡುತ್ತಾರೆ. ಹೊರನಾಡಿನವರಿಗೆ ಅನುಕೂಲವಾದ ಒಂದು ಮಾತು ಇದರಲ್ಲಿದೆ: ಕಂಪನಿಯ ಶಾಖೆ ಇರುವಲ್ಲಾಗಲಿ, ದೂರುದಾರರು ವಾಸವಿರುವಲ್ಲಾಗಲಿ ದೂರು ಕೊಡಬಹುದು. ಆಸ್ಪತ್ರೆ ಹುಬ್ಬಳ್ಳಿಯಲ್ಲಿದ್ದರೂ ನಾನು ಬೆಂಗಳೂರಿನ ಕಚೇರಿಗೆ ಅಲೆಯಬೇಕಾಗಲಿಲ್ಲ, ಕೋಲ್ಕತಾದಲ್ಲೇ ಕೊಟ್ಟೆ.

ಆದರೆ ಆ ಬಾಗಿಲಿಗೆ ಒಂದು ಹೊಸ್ತಿಲಿದೆ, ಮತ್ತು ಅದು ಕಾಗದದ ಹೊಸ್ತಿಲು. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿರಬೇಕು, ಇಲ್ಲವೆ ಒಂದು ತಿಂಗಳು ಉತ್ತರ ಕೊಡದೆ ಇರಬೇಕು, ಇಲ್ಲವೆ ಕೊಟ್ಟ ಉತ್ತರ ನಿಮಗೆ ಒಪ್ಪಿಗೆಯಾಗದಿರಬೇಕು. ಅಲ್ಲಿಂದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕ ಆಯೋಗದಲ್ಲೋ ಇರಬಾರದು. ನನ್ನ ಇಪ್ಪತ್ತು ಫೋನುಗಳಲ್ಲಿ ಒಂದೂ ಈ ಹೊಸ್ತಿಲು ದಾಟಿಸುತ್ತಿರಲಿಲ್ಲ. ದಾಟಿಸಿದ್ದು ಡಿಸೆಂಬರ್ 22ರ ಒಂದು ಪುಟ ಮತ್ತು ಅದರ ಅಂಚೆ ರಸೀದಿ.

ಇಲ್ಲಿ ಒಂದು ಎಚ್ಚರ ಹೇಳಿಬಿಡುತ್ತೇನೆ, ನಮ್ಮವರೇ ಒಬ್ಬರು ಇದರಲ್ಲಿ ಎಡವಿದ್ದಾರೆ. ಕಲಬುರಗಿಯವರು, ಇಲ್ಲಿ ಸಾರಿಗೆ ವ್ಯವಹಾರ. 2015ರಲ್ಲಿ ಅವರ ಲಾರಿಯ ಕ್ಲೇಮ್ ತಿರಸ್ಕಾರವಾಯಿತು. ಅವರು ನನ್ನ ಹಾಗಲ್ಲ, ಅಚ್ಚುಕಟ್ಟು ಮನುಷ್ಯ. ಎರಡು ತಿಂಗಳಿಗೊಂದು ಪತ್ರ, ಎಲ್ಲಕ್ಕೂ ರಸೀದಿ. ಕಂಪನಿಯಿಂದಲೂ ‘ನಿಮ್ಮ ಪತ್ರ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಆಗಾಗ ಬರುತ್ತಿತ್ತು. ಹೀಗೇ ಮೂರು ವರ್ಷ. 2018ರಲ್ಲಿ ದಪ್ಪ ಫೈಲು ಹಿಡಿದು ಗ್ರಾಹಕ ವೇದಿಕೆಗೆ ಹೋದರೆ ಅವಧಿ ಮೀರಿದೆ ಎಂದು ದೂರು ಬಿದ್ದುಹೋಯಿತು. ಗ್ರಾಹಕ ದೂರಿಗೆ ಇರುವುದು ಎರಡು ವರ್ಷ, ಈಗಿನ 2019ರ ಕಾಯ್ದೆಯ 69ನೇ ಸೆಕ್ಷನ್ನಿನಲ್ಲೂ ಅಷ್ಟೇ. ಗಡಿಯಾರ ಶುರುವಾಗುವುದು ನಿರಾಕರಣೆಯ ದಿನದಿಂದ. ನಾವು ಮತ್ತೆ ಮತ್ತೆ ಬರೆದರೆ ಅದು ನಿಲ್ಲುವುದಿಲ್ಲ. ಸರ್ಕಾರಿ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1989ರ ಎಸ್.ಎಸ್. ರಾಥೋಡ್ ಪ್ರಕರಣದಲ್ಲಿ ಇದನ್ನೇ ಹೇಳಿದೆ: ಕಾನೂನಿನಲ್ಲಿ ಜಾಗವಿಲ್ಲದ ಮನವಿಗಳನ್ನು ಪದೇ ಪದೇ ಕೊಟ್ಟರೆ ಕಾಲಮಿತಿ ಬೆಳೆಯುವುದಿಲ್ಲ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಆದರೆ ‘ಪತ್ರ ಬರೆಯುತ್ತ ಕಾಯುತ್ತಿದ್ದೆ’ ಎಂಬುದು ತಕ್ಕ ಕಾರಣವೆಂದು ನಂಬಿ ಕೂರಬೇಡಿ. ಬಾಕಿ ಇದೆ ಎಂದು ಎದುರಿನವರು ಅವಧಿಯೊಳಗೇ ಸಹಿ ಹಾಕಿ ಬರೆದುಕೊಟ್ಟರೆ ಸಾಲದಂಥ ವಿಷಯಗಳಲ್ಲಿ ಹೊಸ ಗಡಿಯಾರ ಶುರುವಾಗುತ್ತದೆ. ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಅದು. ‘ಪರಿಶೀಲನೆಯಲ್ಲಿದೆ’ ಎಂಬುದು ಅಂಥ ಒಪ್ಪಿಗೆ ಅಲ್ಲ.

ಆದ್ದರಿಂದ ನನ್ನ ಫೈಲಿನ ರಟ್ಟಿನ ಮೇಲೆ ಎರಡು ತಾರೀಖು ಬರೆದೆ. ಒಂಬುಡ್ಸ್‌ಮನ್‌ಗೆ ಕೊನೆಯ ದಿನವನ್ನು ಎಚ್ಚರಕ್ಕಾಗಿ ಮೊದಲ ನಿರಾಕರಣೆಯಿಂದಲೇ ಎಣಿಸಿ 2024ರ ಡಿಸೆಂಬರ್ 13. ಗ್ರಾಹಕ ಆಯೋಗಕ್ಕೆ 2025ರ ಡಿಸೆಂಬರ್ 13. ಕೆಂಪು ಅಕ್ಷರ, ಕೆಳಗೆ ಗೆರೆ. ಮನೆಯವಳು ‘ಇದೇನು ಪರೀಕ್ಷೆಯ ಹಾಲ್ ಟಿಕೆಟ್ಟಾ?’ ಎಂದು ನಕ್ಕಳು.

ಮಾರ್ಚ್ 11ಕ್ಕೆ ದೂರು ಕೊಟ್ಟೆ. ಲಗತ್ತುಗಳಿಗೆ ಪುಟ ಸಂಖ್ಯೆ ಹಾಕಿ, ದೂರಿನ ಪ್ರತಿ ವಾಕ್ಯದ ಪಕ್ಕ ಅದಕ್ಕೆ ಆಧಾರವಾದ ಪುಟ ಯಾವುದೆಂದು ಬರೆದಿದ್ದೆ. ಒಟ್ಟು 41 ಪುಟ. ವಿಚಾರಣೆ ಜುಲೈನಲ್ಲಿ. ಎದುರಿಗೆ ಕಂಪನಿಯ ಅಧಿಕಾರಿಯೊಬ್ಬರು, ಸೌಮ್ಯ ಮನುಷ್ಯ. ಮೊದಲು ಹತ್ತು ವರ್ಷದ ಮಾತೆತ್ತಿದರು. ಕೇಸ್ ಶೀಟು, ವೈದ್ಯರ ಪತ್ರ, 2020ರ ರಕ್ತ ಪರೀಕ್ಷೆ, 2022ರ ವರದಿ, ನಾಲ್ಕು ಕಾಗದ ತೋರಿಸಿದೆ. ನನ್ನ ಇಮೇಲಿನ ಸಾಲು ಓದಿದರು. ವಿವರಣೆಯ ಪತ್ರ ತೋರಿಸಿದೆ. ಅವರು ಪುಟ ತಿರುವಿ, ‘ಸರಿ, ಆದರೆ ಡಿಸ್ಚಾರ್ಜ್ ಆದ ಮೇಲೆ ಕಾಗದಪತ್ರ ಸಲ್ಲಿಸಬೇಕಾದ ಅವಧಿಯೂ ಮೀರಿದೆ, ಕ್ಲೇಮ್ ತಡವಾಗಿ ಬಂದಿದೆ’ ಎಂದರು.

ಇದು ಹೊಸ ಕಾರಣ. ಹಿಂದೆ ಎಲ್ಲೂ ಇರಲಿಲ್ಲ.

ದಾದಾನ ಮೂರನೇ ಪ್ರಶ್ನೆ ಏಕಿತ್ತು ಎಂದು ನನಗೆ ತಿಳಿದದ್ದು ಆ ನಿಮಿಷ. ನಿರಾಕರಣೆಯ ಪತ್ರದಲ್ಲಿ ಹೇಳದ ಕಾರಣವನ್ನು ವಿಮಾ ಕಂಪನಿ ಆಮೇಲೆ ವಿಚಾರಣೆಯಲ್ಲಿ ಎತ್ತುವಂತಿಲ್ಲ ಎಂಬುದು ಸುಪ್ರೀಂ ಕೋರ್ಟ್ ಒಪ್ಪಿದ ಮಾತು. 2016ರ ಗಲಾಡಾ ಪವರ್ ಪ್ರಕರಣದಲ್ಲೂ, ಬೆಂಕಿ ವಿಮೆಗೆ ಸಂಬಂಧಿಸಿದ 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲೂ ಪ್ರಶ್ನೆ ತಡದ್ದೇ ಆಗಿತ್ತು. ಪತ್ರದಲ್ಲಿ ತಡದ ಮಾತು ಎತ್ತದ ಕಂಪನಿ, ಆ ಆಕ್ಷೇಪವನ್ನು ಬಿಟ್ಟುಕೊಟ್ಟಂತೆ ಎಂದು ಕೋರ್ಟ್ ತೀರ್ಮಾನಿಸಿತು. ಅಂದರೆ ಪತ್ರವ್ಯವಹಾರದಲ್ಲಿ ನಮ್ಮ ಕಾಗದದಷ್ಟೇ ಅವರ ಕಾಗದಕ್ಕೂ ಬೆಲೆ. ಅವರು ಬರಹದಲ್ಲಿ ಕೊಟ್ಟ ಕಾರಣ ಅವರನ್ನು ಕಟ್ಟಿಹಾಕುತ್ತದೆ. ಫೋನಿನಲ್ಲಿ ಹೇಳಿದ್ದರೆ ಯಾವ ಕಾರಣವನ್ನು ಬೇಕಾದರೂ ಆಮೇಲೆ ಬದಲಿಸಬಹುದಿತ್ತು. ನನ್ನಲ್ಲಿ ಡಿಸೆಂಬರ್ 14ರ ಪತ್ರ ಇತ್ತು. ‘ಬೇರೆ ಕಾರಣವಿದೆಯೇ’ ಎಂದು ಕೇಳಿದ ಪತ್ರ ಇತ್ತು. ‘ಕಾರಣ ಅದೇ’ ಎಂದ ಜನವರಿ 24ರ ಉತ್ತರವೂ ಇತ್ತು. ಮೂರನ್ನೂ ಮೇಜಿನ ಮೇಲಿಟ್ಟೆ. ಆಗಸ್ಟ್ 28ರ ಸೀಲಿದ್ದ ಫಾರಂ ಕೂಡ ಇಟ್ಟೆ. ಕೌಂಟರಿನ ಆ ಹುಡುಗಿ ಯಾರೋ, ಅವಳ ಹೆಸರೂ ಗೊತ್ತಿಲ್ಲ.

ಆಗಸ್ಟಿನಲ್ಲಿ ತೀರ್ಪು ಬಂತು. ಕೈಗವಸು, ನೋಂದಣಿ ಶುಲ್ಕದಂಥ ಪಾಲಿಸಿಯಲ್ಲಿ ಸೇರದ 14,230 ರೂಪಾಯಿ ಕಳೆದು 2,98,250 ಕೊಡಬೇಕೆಂದಾಯಿತು. ಒಂಬುಡ್ಸ್‌ಮನ್ ತೀರ್ಪು ಕಂಪನಿಯನ್ನು ಕಟ್ಟುತ್ತದೆ, 30 ದಿನದಲ್ಲಿ ಪಾಲಿಸಬೇಕು. ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ತೆರೆದೇ ಇರುತ್ತದೆ. ಸೆಪ್ಟೆಂಬರಿನಲ್ಲಿ ಹಣ ಖಾತೆಗೆ ಬಂತು. ತಂಗಿಯ ಮದುವೆ ಆ ಹೊತ್ತಿಗೆ ಕೈಗಡ ಮಾಡಿ ಮುಗಿದಿತ್ತು, ಬಂದದ್ದು ಆ ಸಾಲಕ್ಕೆ ಹೋಯಿತು.

ಇಮೇಲ್, ವಾಟ್ಸ್ಆ್ಯಪ್ ಬಗ್ಗೆ ಗೆಳೆಯರು ಕೇಳುತ್ತಿರುತ್ತಾರೆ. ಒಂಬುಡ್ಸ್‌ಮನ್ ಎದುರು ಪ್ರಿಂಟ್ ಸಾಕಾಯಿತು. ಸಿವಿಲ್ ಕೋರ್ಟಿಗೆ ಹೋಗುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿರಬೇಕು, ಯಾವ ಸಾಧನದಿಂದ ಹೇಗೆ ತೆಗೆದ ಪ್ರತಿ ಎಂದು ಅದು ಹೇಳುತ್ತದೆ. ಹಾಗಾಗಿ ಸಂದೇಶ ಬಂದ ಹಳೆಯ ಫೋನನ್ನು ಮಾರುವ ಮುಂಚೆ ಒಂದು ಸಲ ಯೋಚಿಸಿ. ನಾನಂತೂ ಮುಖ್ಯವಾದದ್ದನ್ನು ಇಮೇಲಿಗೆ, ಅದಕ್ಕಿಂತ ಮುಖ್ಯವಾದದ್ದನ್ನು ಅಂಚೆಗೆ ಹಾಕುತ್ತೇನೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಬಟ್ಟೆಚೀಲದ ಕಾಗದವನ್ನೆಲ್ಲ ತೆಗೆದು ವರ್ಷವಾರು ಫೈಲು ಮಾಡಿಕೊಡುತ್ತೇನೆ ಎಂದೆ. ಅಪ್ಪ ಬಿಡಲಿಲ್ಲ. ‘ನಂಗೆ ಅದ್ರಲ್ಲಿ ಯಾವ್ದು ಎಲ್ಲಿದೆ ಗೊತ್ತಿದೆ’ ಎಂದರು. ಅಮ್ಮ ಈಗ ಆ ಚೀಲವನ್ನು ಒಲೆಯಿಂದ ದೂರ, ದೇವರ ಕೋಣೆಯ ಮೊಳೆಗೆ ಹಾಕಿದ್ದಾಳೆ.